ಬಾಟಲಿ ನಾಲ್ಕು, ಗುಂಪು ಒಂದು: ಒಂದು ಎಕರೆ ಎಲೆಕೋಸಿನ ಪ್ರಕರಣ

ಮಾಲೂರು ತಾಲ್ಲೂಕಿನ ಒಂದು ಹಳ್ಳಿ. ಗಂಡ, ಹೆಂಡತಿ, ಎರಡು ಹಸು, ಒಂದು ಕೊಳವೆಬಾವಿ, ಒಂದೂವರೆ ಎಕರೆ ಜಮೀನು. ಅದರಲ್ಲಿ ಒಂದು ಎಕರೆಗೆ ಡ್ರಿಪ್ ಹಾಕಿಸಿ ವರ್ಷಕ್ಕೆ ಎರಡು ಸಲ, ಒಮ್ಮೊಮ್ಮೆ ಮೂರು ಸಲವೂ ಎಲೆಕೋಸು ಬೆಳೆಯುತ್ತಿದ್ದರು. ಗುರುತು ಸಿಗಬಾರದೆಂದು ಹೆಸರು, ಊರು ಬಿಟ್ಟಿದ್ದೇನೆ. ಗಂಡನನ್ನು ಇಲ್ಲಿ ಯಜಮಾನರು ಎಂದು, ಹೆಂಡತಿಯನ್ನು ನಾನು ಕರೆಯುವ ಹಾಗೆಯೇ ಅಕ್ಕ ಎಂದು ಬರೆಯುತ್ತೇನೆ. ನಾನು ಆ ಭಾಗದ ತರಕಾರಿ ಬೆಳೆಗಾರರ ಹೊಲಗಳನ್ನು ನೋಡಿ ಸಲಹೆ ಕೊಡುವವನು.

ಮಾರ್ಚ್ ಕೊನೆಯ ವಾರ ಅವರು ಫೋನ್ ಮಾಡಿದರು. "ಸಾರ್, ಹೊಡೆದಷ್ಟೂ ಹುಳ ಜಾಸ್ತಿ ಆಗ್ತೈತೆ. ಒಂದ್ ಸಲ ಬಂದು ನೋಡಿ." ನಾನು ಹೋಗುವಷ್ಟರಲ್ಲಿ ನಾಟಿಯಾಗಿ 58 ದಿನ ಕಳೆದಿತ್ತು, 11 ಸಲ ಔಷಧಿ ಬಿದ್ದಿತ್ತು. ಕಟಾವು ಮುಗಿಯುವ ಹೊತ್ತಿಗೆ ಅದು 14 ಆಯಿತು. ಔಷಧಿ, ಕೂಲಿ ಸೇರಿ 30 ಸಾವಿರ ರೂಪಾಯಿಯ ಆಸುಪಾಸು ಖರ್ಚು. ಆದರೂ ಮೂರರಲ್ಲಿ ಒಂದು ಗಡ್ಡೆಯನ್ನು ಮಂಡಿಯವರು ಪಕ್ಕಕ್ಕೆ ಎಸೆದರು.

ಹುಳ ಯಾವುದು ಎಂಬುದರಲ್ಲಿ ಗೊಂದಲವಿರಲಿಲ್ಲ. ಎಲೆಯ ಅಡಿಯ ಹಸಿರನ್ನು ಕೆರೆದು ತಿಂದು ಮೇಲಿನ ತೆಳು ಪೊರೆಯನ್ನು ಹಾಗೇ ಬಿಟ್ಟಿತ್ತು. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಗಾಜಿನ ಕಿಟಕಿಗಳ ಹಾಗೆ ಕಾಣುತ್ತಿತ್ತು. ಬೆರಳು ತಾಗಿಸಿದರೆ ಮರಿಹುಳು ಹಿಂದಕ್ಕೆ ಒದ್ದಾಡುತ್ತಾ ನೂಲು ಬಿಟ್ಟು ಕೆಳಗೆ ಜೋತುಬೀಳುತ್ತಿತ್ತು. ವಜ್ರಬೆನ್ನಿನ ಪತಂಗ. ಕೋಸು, ಹೂಕೋಸು, ಸಾಸಿವೆ, ಮೂಲಂಗಿಯ ಕುಲ ಬಿಟ್ಟರೆ ಇದಕ್ಕೆ ಬೇರೆ ಊಟವಿಲ್ಲ. ನಮ್ಮ ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲಿ ಮೊಟ್ಟೆಯಿಂದ ಪತಂಗವಾಗಲು ಎರಡು, ಎರಡೂವರೆ ವಾರ ಸಾಕು. ಅಂದರೆ ಒಂದೇ ಬೆಳೆಯ ಮೇಲೆ ನಾಲ್ಕು ತಲೆಮಾರು. ಔಷಧಿಗೆ ಒಗ್ಗಿಕೊಳ್ಳುವುದರಲ್ಲಿ ಇದನ್ನು ಮೀರಿಸುವ ಕೀಟಗಳು ಕಡಿಮೆ. ಹೊಲದಲ್ಲಿ ಬಿಟಿ ಎಂಬ ಬ್ಯಾಕ್ಟೀರಿಯಾದ ಔಷಧಿಗೆ ನಿರೋಧಕ ಶಕ್ತಿ ಬೆಳೆಸಿಕೊಂಡ ಮೊದಲ ಬೆಳೆಕೀಟವೂ ಇದೇ.

ಜಗಲಿಯ ಮೇಲೆ ಹರಡಿದ ಬಾಟಲಿಗಳು

"ಒಂದೇ ಔಷಧಿ ಹೊಡೀತಾ ಇದ್ದೀರಾ?" ಎಂದು ಕೇಳಿದೆ. ಯಜಮಾನರಿಗೆ ಬೇಸರವಾಯಿತು. "ಅಷ್ಟೂ ಗೊತ್ತಿಲ್ವಾ ಸಾರ್ ನಮಗೆ? ಪ್ರತಿ ಸಲ ಬದಲಾಯಿಸ್ತೀವಿ." ಖಾಲಿ ಬಾಟಲಿಗಳನ್ನೆಲ್ಲ ತರಲು ಹೇಳಿದೆ. ಕೊಟ್ಟಿಗೆಯ ಮೂಲೆಯ ಚೀಲದಿಂದ ತಂದು ಜಗಲಿಯ ಮೇಲೆ ಸುರಿದರು. ಆರು ಬಗೆಯ ಬಾಟಲಿ, ಆರು ಹೆಸರು, ಆರು ಬಣ್ಣ.

ದೊಡ್ಡಕ್ಷರದ ವ್ಯಾಪಾರದ ಹೆಸರನ್ನು ಬಿಟ್ಟು, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ರಾಸಾಯನಿಕದ ಹೆಸರನ್ನು ಒಂದೊಂದಾಗಿ ಓದಿದೆ. ಎರಡರಲ್ಲಿ ಕ್ಲೋರಾಂಟ್ರಾನಿಲಿಪ್ರೋಲ್ ಇತ್ತು, ಕಂಪನಿ ಮಾತ್ರ ಬೇರೆ. ಮೂರನೆಯದು ಫ್ಲೂಬೆಂಡಿಯಮೈಡ್. ನಾಲ್ಕನೆಯದು ಕ್ಲೋರಾಂಟ್ರಾನಿಲಿಪ್ರೋಲ್ ಜೊತೆಗೆ ಲ್ಯಾಂಬ್ಡಾ ಸೈಹಲೋಥ್ರಿನ್ ಬೆರೆಸಿದ ಜೋಡಿ ಔಷಧಿ. ಐದನೆಯದು ಪ್ರೊಫೆನೊಫಾಸ್ ಮತ್ತು ಸೈಪರ್ಮೆಥ್ರಿನ್ ಮಿಶ್ರಣ. ಆರನೆಯದು ಎಮಾಮೆಕ್ಟಿನ್ ಬೆಂಜೊಯೇಟ್, ಅದೂ ಒಂದೇ ಸಲ ಬಳಸಿದ್ದು.

ಕೀಟನಾಶಕಗಳನ್ನು ಹುಳದ ದೇಹದಲ್ಲಿ ಅವು ಎಲ್ಲಿಗೆ ಹೊಡೆಯುತ್ತವೆ ಎಂಬುದರ ಮೇಲೆ ಗುಂಪು ಮಾಡಿ ಸಂಖ್ಯೆ ಕೊಟ್ಟಿದ್ದಾರೆ. ಮೊದಲ ಮೂರು ಬಾಟಲಿ ಮತ್ತು ನಾಲ್ಕನೆಯದರ ಮುಖ್ಯ ಪಾಲು 28ನೇ ಗುಂಪಿನವು. ಎಲ್ಲವೂ ಹುಳದ ಸ್ನಾಯುವಿನಲ್ಲಿ ಸುಣ್ಣದಂಶವನ್ನು ಬಿಡುವ ಒಂದೇ ಬಾಗಿಲಿಗೆ ಕೈ ಹಾಕುತ್ತವೆ. ಆ ಬಾಗಿಲಿನ ಆಕಾರ ಬದಲಾದ ಹುಳ ಒಂದು ಬಾಟಲಿಯಿಂದ ತಪ್ಪಿಸಿಕೊಂಡರೆ ನಾಲ್ಕರಿಂದಲೂ ತಪ್ಪಿಸಿಕೊಂಡ ಹಾಗೆ. ಹನ್ನೊಂದು ಸಿಂಪಡಣೆಯಲ್ಲಿ ಎಂಟು ಈ ಗುಂಪಿನವೇ. ಯಜಮಾನರು ಪ್ರಾಮಾಣಿಕವಾಗಿ ಔಷಧಿ ಬದಲಾಯಿಸಿದ್ದರು, ಬದಲಾದದ್ದು ಬಾಟಲಿ ಮಾತ್ರ. ಇದು ಅವರ ಅಜ್ಞಾನವೆಂದು ನಾನು ಒಪ್ಪುವುದಿಲ್ಲ. ಅಂಗಡಿಯಲ್ಲಿ "ಹೋದ ಸಲ ಕೊಟ್ಟದ್ದು ಬೇಡ, ಬೇರೆ ಕೊಡಿ" ಎಂದು ಕೇಳಿದ್ದಾರೆ. ಬೇರೆಯದನ್ನೇ ಕೊಟ್ಟಿದ್ದಾರೆ.

ಆಮೇಲೆ ಇನ್ನೊಂದು ವಿಷಯ ಹೊರಬಿತ್ತು. ಸಸಿ ತಂದ ನರ್ಸರಿಗೆ ಫೋನ್ ಮಾಡಿ ಕೇಳಿದಾಗ, ಸಸಿ ಕಳಿಸುವ ಮುನ್ನ ಟ್ರೇಗಳಿಗೆ ಸಯಾಂಟ್ರಾನಿಲಿಪ್ರೋಲ್ ಸುರಿದಿದ್ದೇವೆ ಎಂದರು. ಅದೂ 28ನೇ ಗುಂಪಿನದೇ. ಅವರು ಒಳ್ಳೆಯದಕ್ಕೇ ಮಾಡಿದ್ದು. ಆದರೆ ಹೊಲಕ್ಕೆ ಇಳಿಯುವ ಮೊದಲೇ ಮೊದಲ ತಲೆಮಾರಿನ ಹುಳ ಆ ಗುಂಪಿನ ರುಚಿ ನೋಡಿಯಾಗಿತ್ತು.

ಅಡುಗೆಮನೆಯ ಪರೀಕ್ಷೆ

ನನಗೆ ಅನುಮಾನವಿತ್ತು, ಪುರಾವೆ ಇರಲಿಲ್ಲ. ಹುಳ ಸಾಯದಿರಲು ಬೇರೆ ಕಾರಣಗಳೂ ಇರುತ್ತವೆ. ಕೋಸಿನ ಎಲೆ ಮೇಣದ ಹಾಗೆ ನೀರನ್ನು ಜಾರಿಸುತ್ತದೆ, ಅಂಟು ದ್ರಾವಣ ಸೇರಿಸದಿದ್ದರೆ ಔಷಧಿ ನೆಲಕ್ಕೇ ಹೋಗುತ್ತದೆ. ಎಲೆಯ ಅಡಿಗೆ ನಾಜಲ್ ತಿರುಗದಿದ್ದರೆ ಹುಳಕ್ಕೆ ತಗಲುವುದೇ ಇಲ್ಲ. ಹಾಗಾಗಿ ಒಂದು ಸರಳ ಪರೀಕ್ಷೆ ಮಾಡಿದೆವು.

ಔಷಧಿ ಬೀಳದ ಬೇರೆ ಕೋಸಿನ ಎಲೆಗಳನ್ನು ತಂದು, ಕ್ಲೋರಾಂಟ್ರಾನಿಲಿಪ್ರೋಲನ್ನು ಲೇಬಲ್ಲಿನ ಪ್ರಮಾಣದಲ್ಲೇ ಕಲಸಿ, ಎಲೆಯನ್ನು ಹತ್ತು ಸೆಕೆಂಡು ಅದ್ದಿ ನೆರಳಿನಲ್ಲಿ ಒಣಗಿಸಿದೆವು. ಕೋಸಿಗೆ ಲೇಬಲ್ ಪ್ರಕಾರ ಎಕರೆಗೆ 20 ಮಿಲಿ. ಇವರು ಹೊಡೆಯುತ್ತಿದ್ದದ್ದು 60 ಮಿಲಿ ಎಂಬುದು ಇದೇ ಹೊತ್ತಿಗೆ ಗೊತ್ತಾಯಿತು. ಮೂರು ಡಬ್ಬಿಯಲ್ಲಿ ತಲಾ ಹತ್ತು ಮಧ್ಯಮ ಗಾತ್ರದ ಮರಿಹುಳು ಬಿಟ್ಟೆವು. ಇನ್ನೊಂದು ಡಬ್ಬಿಯಲ್ಲಿ ಬರೀ ನೀರಿಗೆ ಅದ್ದಿದ ಎಲೆ, ಹತ್ತು ಹುಳ. ಈ ಗುಂಪಿನ ಔಷಧಿಯಲ್ಲಿ ಹುಳ ತಕ್ಷಣ ಸಾಯುವುದಿಲ್ಲ. ಮೊದಲು ತಿನ್ನುವುದನ್ನು ನಿಲ್ಲಿಸಿ, ಮುದುಡಿ, ಎರಡು ಮೂರು ದಿನಕ್ಕೆ ಸಾಯುತ್ತದೆ. ಆದ್ದರಿಂದ ಮರುದಿನವೇ ನೋಡಿ ತೀರ್ಮಾನಿಸಬಾರದು, ನಾಲ್ಕು ದಿನ ಕಾಯಬೇಕು.

ನಾಲ್ಕನೇ ದಿನ ಮೂವತ್ತರಲ್ಲಿ 22 ಹುಳ ಬದುಕಿದ್ದವು. ಬದುಕಿದ್ದವಷ್ಟೇ ಅಲ್ಲ, ಎಲೆ ತಿಂದು ಡಬ್ಬಿಯ ತುಂಬ ಹಿಕ್ಕೆ ಹಾಕಿದ್ದವು. ಅಲ್ಲಿಗೆ ನಾಜಲ್ಲಿನ ಮಾತು ಮುಗಿಯಿತು. ಪೂರ್ತಿ ಎಲೆ ಔಷಧಿಯಲ್ಲಿ ಮುಳುಗಿದ್ದರೂ ಹುಳ ಸಾಯುತ್ತಿಲ್ಲ.

ಆ ಬೆಳೆಯನ್ನು ಉಳಿಸುವ ದಾರಿ ನನಗೆ ಹೊಳೆಯಲಿಲ್ಲ. ಉಳಿದ ದಿನಗಳಲ್ಲಿ ಸಿಂಪಡಣೆ ಬೇಡವೆಂದೆ, ಅವರು ಹೆದರಿ ಮತ್ತೆ ಮೂರು ಸಲ ಹೊಡೆದರು. ಕಟಾವಾದ ಮೇಲೆ ಮಾತ್ರ ನನ್ನ ಒಂದು ಮಾತು ನಡೆಸಿಕೊಟ್ಟರು. ಬುಡಗಳನ್ನು ಅದೇ ವಾರ ಉತ್ತು ಮಣ್ಣಿಗೆ ಸೇರಿಸಿ, ಜನವರಿವರೆಗೆ ಕೋಸಿನ ಕುಲದ ಯಾವ ಬೆಳೆಯನ್ನೂ ಇಡಲಿಲ್ಲ. ಮುಂಗಾರಿಗೆ ರಾಗಿ, ಅದಾದ ಮೇಲೆ ಬೀನ್ಸ್.

ಮರುವರ್ಷದ ಜನವರಿ

ಅದೇ ಹೊಲ, ಅದೇ ತಳಿ, ಅದೇ ಬೇಸಿಗೆ. ಮಳೆಗಾಲದಲ್ಲಿ ಮಾಡಿದ್ದರೆ ಹೋಲಿಕೆ ಸರಿಬರುತ್ತಿರಲಿಲ್ಲ, ಏಕೆಂದರೆ ಜೋರು ಮಳೆಯೇ ಈ ಹುಳವನ್ನು ತೊಳೆದು ಹಾಕುತ್ತದೆ. ನರ್ಸರಿಯವರಿಗೆ ಮೊದಲೇ ಹೇಳಿ ಔಷಧಿ ಸುರಿಯದ ಸಸಿ ತರಿಸಿದೆವು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹಳೆಯ ಶಿಫಾರಸಿನಂತೆ ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ: ಒಂದು ಸಾಲು ನಾಟಿಗೆ 15 ದಿನ ಮುಂಚೆ, ಇನ್ನೊಂದು ನಾಟಿಯಾಗಿ 25 ದಿನಕ್ಕೆ. ಪತಂಗ ಕೋಸಿಗಿಂತ ಸಾಸಿವೆಗೇ ಹೆಚ್ಚು ಮನಸೋತು ಅಲ್ಲಿ ಮೊಟ್ಟೆ ಇಡುತ್ತದೆ. ಸಾಸಿವೆ ಸಾಲಿಗೆ ಡೈಕ್ಲೋರ್ವಾಸ್ ಹೊಡೆಯಿರಿ ಎಂದು ಹಳೆಯ ಕರಪತ್ರಗಳಲ್ಲಿರುತ್ತದೆ. ಆ ಔಷಧಿ 2020ರ ಕೊನೆಯಿಂದ ನಮ್ಮಲ್ಲಿ ನಿಷೇಧವಾಗಿದೆ. ನಾವು ಆ ಸಾಲಿಗೆ ಮಾತ್ರ ಎರಡು ಸಲ ಬೇವಿನ ಬೀಜದ ಕಷಾಯ ಹೊಡೆದೆವು.

ಎಣಿಕೆಯ ಕೆಲಸ ಅಕ್ಕನದು. ವಾರಕ್ಕೊಮ್ಮೆ, ಹುಳದ ಕಾಟ ಏರಿದಾಗ ಎರಡು ಸಲ. ಬೆಳಿಗ್ಗೆ ಹೊಲದಲ್ಲಿ ಅಂಕುಡೊಂಕಾಗಿ ನಡೆದು ಐದು ಕಡೆ ನಿಂತು, ಒಂದೊಂದು ಕಡೆ ನಾಲ್ಕು ಗಿಡ, ಒಟ್ಟು ಇಪ್ಪತ್ತು. ಎಲೆಯ ಅಡಿ ಮತ್ತು ನಡುವಿನ ಸುಳಿ ಎರಡನ್ನೂ ಬಿಡಿಸಿ ನೋಡಬೇಕು. ಈಗಷ್ಟೇ ಮೊಟ್ಟೆಯೊಡೆದ ಮರಿ ಎಲೆಯ ಪದರದೊಳಗೇ ಇರುವುದರಿಂದ ಅದು ಲೆಕ್ಕಕ್ಕೆ ಸಿಗುವುದಿಲ್ಲ. ಮೊದಲ ಎರಡು ವಾರ ಅಕ್ಕ ಬದುವಿನ ಪಕ್ಕದ ಗಿಡಗಳನ್ನೇ ಹೆಚ್ಚು ನೋಡಿದ್ದರಿಂದ ಲೆಕ್ಕ ಏರುಪೇರಾಯಿತು. ಆಮೇಲೆ ಬದುವಿನಿಂದ ಹತ್ತು ಹೆಜ್ಜೆ ಒಳಗೆ ಹೋಗಿಯೇ ಎಣಿಸಲು ಶುರುಮಾಡಿದರು.

ಔಷಧಿ ಹೊಡೆಯುವ ಮಿತಿಯನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿದೆವು. ಮೊದಲ ಒಂದು ತಿಂಗಳು ಗಿಡಕ್ಕೆ ಸರಾಸರಿ ಎರಡು ಹುಳ. ಗಡ್ಡೆ ಕಟ್ಟಲು ತೊಡಗಿದ ಮೇಲೆ ಗಿಡಕ್ಕೆ ಒಂದು. ಎರಡು ಎಂಬುದು ಕೋಸಿಗೆ ಸಾಮಾನ್ಯವಾಗಿ ಹೇಳುವ ಆರ್ಥಿಕ ನಷ್ಟದ ಮಿತಿ. ಒಂದಕ್ಕೆ ಇಳಿಸಿದ್ದು ನಮ್ಮ ನಿರ್ಧಾರ. ಎಳೆಯ ಗಿಡ ಹೊರಗಿನ ಎಲೆ ಕಳೆದುಕೊಂಡರೆ ಚೇತರಿಸಿಕೊಳ್ಳುತ್ತದೆ. ಸುಳಿಯೊಳಗೆ ಹುಳ ಹೊಕ್ಕಾಗ ಮಾತ್ರ ಗಡ್ಡೆಯೇ ಕಟ್ಟುವುದಿಲ್ಲ, ಕಟ್ಟಿದರೂ ತೂತು.

ಔಷಧಿಯ ಸರದಿಯನ್ನು ಸಿಂಪಡಣೆಯ ಲೆಕ್ಕದಲ್ಲಲ್ಲ, ಹುಳದ ತಲೆಮಾರಿನ ಲೆಕ್ಕದಲ್ಲಿ ಹಾಕಿದೆವು. ಬೆಳೆಯನ್ನು ಇಪ್ಪತ್ತು ಇಪ್ಪತ್ತು ದಿನದ ಕಂತು ಮಾಡಿ, ಒಂದು ಕಂತಿನಲ್ಲಿ ಒಂದೇ ಗುಂಪು. ಬೇಕಾದರೆ ಅದನ್ನೇ ಎರಡು ಸಲ, ಆದರೆ ಮುಂದಿನ ಕಂತಿಗೆ ಅದು ಬೇಡ. ಇವತ್ತು ಒಂದು ಗುಂಪು, ಐದು ದಿನಕ್ಕೆ ಇನ್ನೊಂದು, ಮತ್ತೆ ಐದು ದಿನಕ್ಕೆ ಮೂರನೆಯದು ಎಂದು ಹೊಡೆದರೆ ಒಂದೇ ತಲೆಮಾರಿನ ಹುಳಕ್ಕೆ ಮೂರೂ ಗುಂಪಿನ ಪರಿಚಯವಾಗುತ್ತದೆ. ಉಳಿದುಕೊಂಡವು ಮೂರಕ್ಕೂ ಒಗ್ಗಿದವಾಗಿರುತ್ತವೆ. ತಲೆಮಾರು ಬದಲಾದಾಗ ಗುಂಪು ಬದಲಾದರೆ, ಹಿಂದಿನದಕ್ಕೆ ಒಗ್ಗಿದ ಹುಳದ ಮಕ್ಕಳು ಹೊಸದಕ್ಕೆ ಸಿಕ್ಕಿಬೀಳುತ್ತವೆ. ಮೊದಲ ಕಂತಿಗೆ ಬೇವು, ಎರಡನೆಯದಕ್ಕೆ ಬಿಟಿ, ಮೂರಕ್ಕೆ ಎಮಾಮೆಕ್ಟಿನ್, ನಾಲ್ಕಕ್ಕೆ ಇಂಡಾಕ್ಸಾಕಾರ್ಬ್. 28ನೇ ಗುಂಪು ಈ ಬೆಳೆಗೆ ಪೂರ್ತಿ ಬೇಡ.

ಅಕ್ಕಿಯ ನುಚ್ಚಿನಂಥ ಬಿಳಿ ಗೂಡು

17ನೇ ದಿನ ಎಣಿಕೆ 1.1 ಇತ್ತು. ಮಿತಿ ದಾಟಿರಲಿಲ್ಲ, ಆದರೂ ಶೇಕಡಾ 4ರ ಬೇವಿನ ಬೀಜದ ಕಷಾಯ ಹೊಡೆದರು. ಅಂದರೆ ಲೀಟರಿಗೆ 40 ಗ್ರಾಂ ಬೀಜದ ಪುಡಿ, ರಾತ್ರಿ ನೆನೆಸಿ ಸೋಸಿದ್ದು. ಇದು ಬೇಕಿರಲಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ.

20ನೇ ದಿನ ನಾನು ಹೊಲದಲ್ಲಿದ್ದಾಗ ಅಕ್ಕ ಒಂದು ಎಲೆ ಮಗುಚಿ, ಉಗುರಿನಿಂದ ಏನನ್ನೋ ಕೆರೆದು ಹಾಕುತ್ತಿದ್ದರು. "ಏನಕ್ಕ ಅದು?" "ಹುಳದ ಮೊಟ್ಟೆ ಸಾರ್. ಕಂಡ ಕಂಡ ಕಡೆ ತೆಗೆದು ಹಾಕ್ತೀನಿ. ಹೋದ ವರ್ಷಾನೂ ಹಂಗೇ ಮಾಡ್ತಿದ್ದೆ." ಎಲೆ ತೆಗೆದುಕೊಂಡು ನೋಡಿದೆ. ಅಕ್ಕಿಯ ನುಚ್ಚಿನಷ್ಟು ದೊಡ್ಡದು, ಬಿಗಿಯಾಗಿ ನೇಯ್ದ ಬಿಳಿ ಗೂಡು, ಒಂಟಿ. ಪಕ್ಕದಲ್ಲೇ ಸೊರಗಿ ಸತ್ತ ಮರಿಹುಳುವಿನ ಚರ್ಮ.

ಅದು ಕೊಟೀಸಿಯಾ ಎಂಬ ಪುಟ್ಟ ಕಣಜದ ಗೂಡು. ಈ ಕಪ್ಪು ಕಣಜ ಎಳೆಯ ಮರಿಹುಳುವಿನ ಮೈಯೊಳಗೆ ಮೊಟ್ಟೆ ಚುಚ್ಚುತ್ತದೆ. ಅದರ ಮರಿ ಹುಳದೊಳಗೇ ಬೆಳೆದು, ಹೊರಗೆ ಬಂದು ಈ ಗೂಡು ಕಟ್ಟುತ್ತದೆ. ಹುಳ ಸಾಯುತ್ತದೆ. ಪತಂಗದ ಗೂಡೂ ಬಿಳಿಯೇ, ಆದರೆ ಅದು ದೊಡ್ಡದು, ಬಲೆಯ ಹಾಗೆ ಸಡಿಲ, ಒಳಗಿನ ಹಸಿರು ಕೋಶ ಹೊರಗಿಂದಲೇ ಕಾಣುತ್ತದೆ. ಕಣಜದ ಗೂಡಿನೊಳಗೆ ಏನೂ ಕಾಣುವುದಿಲ್ಲ. ಇನ್ನು ಪತಂಗದ ನಿಜವಾದ ಮೊಟ್ಟೆ ಹಳದಿ, ಚುಕ್ಕೆಯಷ್ಟು ಸಣ್ಣದು, ಬರಿಗಣ್ಣಿಗೆ ಕಷ್ಟ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಯ್ಯೋ, ಎಷ್ಟು ತೆಗೆದುಬಿಟ್ಟೆನಲ್ಲ" ಅಂದರು. ಅವರ ಆ ಮುಖ ನನಗೆ ಮರೆಯುವುದಿಲ್ಲ.

ಹುಳದೊಳಗೆ ಕಣಜ ಇದೆಯೋ ಇಲ್ಲವೋ ಹೊರಗಿಂದ ಗೊತ್ತಾಗುವುದಿಲ್ಲ. ಹಾಗಾಗಿ ಅವತ್ತೇ ಹನ್ನೆರಡು ಹುಳ ಹಿಡಿದು, ಎಲೆಯ ಸಮೇತ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ, ಅಡುಗೆಮನೆಯ ಕಿಟಕಿಯ ಮೇಲೆ ನೆರಳಿನಲ್ಲಿಟ್ಟೆವು. ದಿನಾ ಹೊಸ ಎಲೆ ಹಾಕುವುದು ಅಕ್ಕನ ಕೆಲಸವಾಯಿತು.

28ನೇ ದಿನದ ಸಂಜೆ

24ನೇ ದಿನ ಎಣಿಕೆ 2.3. ಮಿತಿ ದಾಟಿತು, ಬಿಟಿ ಹೊಡೆದರು. 28ನೇ ದಿನ ಮತ್ತೆ ಎಣಿಸಿದಾಗ 1.9. ನಾಲ್ಕು ದಿನಕ್ಕೆ ಅಷ್ಟೇ ಇಳಿಕೆ. ಯಜಮಾನರು ಅಂಗಡಿಗೆ ಹೋಗಿ ಪ್ರೊಫೆನೊಫಾಸ್ ಸೈಪರ್ಮೆಥ್ರಿನ್ ಮಿಶ್ರಣ ತಂದೇಬಿಟ್ಟಿದ್ದರು. "ನಿಮ್ಮ ಪುಡಿ ಕೆಲಸ ಮಾಡಲ್ಲ ಸಾರ್. ನಾಳೆ ಬೆಳಿಗ್ಗೆ ಇದು ಹೊಡೀತೀನಿ." ಬಾಟಲಿ ತೆರೆದಿರಲಿಲ್ಲ.

ಇಡೀ ಪ್ರಕರಣ ಈ ಒಂದು ಸಂಜೆಯ ಮೇಲೆ ನಿಂತಿತ್ತು. ಎರಡು ಪ್ರಶ್ನೆ ಕೇಳಿದೆ. ಬಿಟಿ ಯಾವ ಹೊತ್ತಿನಲ್ಲಿ ಹೊಡೆದಿರಿ? ಬೆಳಿಗ್ಗೆ ಒಂಬತ್ತೂವರೆಗೆ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಬಿಟಿ ಹುಳದ ಹೊಟ್ಟೆಗೆ ಹೋಗಿ ಕೆಲಸ ಮಾಡುವಂಥದ್ದು, ಬಿಸಿಲಿನ ಕಿರಣಕ್ಕೆ ಬೇಗ ಕೆಡುತ್ತದೆ. ಅದನ್ನು ಸಂಜೆ ಹೊಡೆದರೆ ರಾತ್ರಿಯಿಡೀ ಹುಳ ಮೇಯುವಾಗ ಎಲೆಯ ಮೇಲೆ ತಾಜಾ ಇರುತ್ತದೆ. ಎರಡನೆಯ ಪ್ರಶ್ನೆ, ಡಬ್ಬಿ ಏನಾಯಿತು? ಅಕ್ಕ ತಂದು ಮುಂದಿಟ್ಟರು. ಹನ್ನೆರಡು ಹುಳದಲ್ಲಿ ಐದು ಹೋಗಿ ಐದು ಬಿಳಿ ಗೂಡು ಉಳಿದಿದ್ದವು.

ಹನ್ನೆರಡು ಎಂಬುದು ಸಣ್ಣ ಲೆಕ್ಕ. ಕಣಜ ಹೊಕ್ಕ ಹುಳ ನಿಧಾನವಾಗಿ ಬೆಳೆಯುವುದರಿಂದ ಹೊಲದಲ್ಲಿ ಹೆಚ್ಚು ದಿನ ಉಳಿದು, ನಮ್ಮ ಕೈಗೆ ಹೆಚ್ಚು ಸಿಗುವ ಸಾಧ್ಯತೆಯೂ ಇದೆ. ಅದನ್ನೆಲ್ಲ ಕಳೆದರೂ, ಹೊಲದ ಹುಳದಲ್ಲಿ ಮೂರರಲ್ಲೊಂದು ಪಾಲಾದರೂ ಪತಂಗವಾಗದೆ ಸಾಯುವಂಥದ್ದು ಎಂದು ಹೇಳಬಹುದಿತ್ತು. ಹಾಗೆ ನೋಡಿದರೆ 1.9 ಎಂಬುದು ಒಂದು ಕಾಲಿನ ಆಸುಪಾಸಿಗೆ ಇಳಿಯುತ್ತದೆ. ಆ ಮಿಶ್ರಣ ಹೊಡೆದರೆ ಒಗ್ಗಿದ ಹುಳ ಎಷ್ಟು ಸಾಯುತ್ತದೋ, ಒಗ್ಗದ ಕಣಜವಂತೂ ಪೂರ್ತಿ ಸಾಯುತ್ತದೆ. ಹಿಂದಿನ ವರ್ಷ ಆದದ್ದು ಇದೇ ಇರಬೇಕು. "ಹೊಡೆದಷ್ಟೂ ಜಾಸ್ತಿ" ಎಂದು ಅವರು ಹೇಳಿದ್ದು ಬರೀ ಸಂಕಟದ ಮಾತಲ್ಲ, ಕಣ್ಣಾರೆ ಕಂಡದ್ದು.

ಯಜಮಾನರು ಒಪ್ಪಿದ್ದು ನನ್ನ ಲೆಕ್ಕ ಕೇಳಿ ಅಲ್ಲ. ಅಕ್ಕ "ಇನ್ನೊಂದ್ ಸಲ ಸಂಜೆ ಹೊತ್ತು ಹೊಡೆದು ನೋಡೋಣ, ಆಗ್ಲಿಲ್ಲ ಅಂದ್ರೆ ನೀನ್ ತಂದಿದ್ದೇ ಹೊಡಿ" ಎಂದು ಪಟ್ಟು ಹಿಡಿದದ್ದಕ್ಕೆ. 29ನೇ ದಿನ ಸಂಜೆ ಐದೂವರೆಗೆ, ಅಂಟು ದ್ರಾವಣ ಸೇರಿಸಿ, ನಾಜಲ್ ಕೆಳಗಿಂದ ಮೇಲಕ್ಕೆ ತಿರುಗಿಸಿ ಅದೇ ಬಿಟಿ ಹೊಡೆದರು. 33ನೇ ದಿನ ಎಣಿಕೆ 0.7. ತೆರೆಯದ ಬಾಟಲಿ ಅಂಗಡಿಗೆ ವಾಪಸ್ ಹೋಯಿತು.

ಇದರ ನಡುವೆ ಸಾಸಿವೆ ಸಾಲಿನ ಪಕ್ಕದ ಕೋಸಿಗೆ ಸಸ್ಯಹೇನು ಹತ್ತಿತು. ಎಲೆ ಮಗುಚಿದಾಗ ಹೇನುಗಳ ನಡುವೆ ಉಬ್ಬಿದ, ಕಂದು ಬಣ್ಣದ, ಅಲುಗಾಡದ ಹೇನುಗಳು ಅಲ್ಲಲ್ಲಿ ಕಂಡವು. ಅವು ಇನ್ನೊಂದು ಜಾತಿಯ ಕಣಜ ಹೊಕ್ಕು ಸತ್ತವು. ಹೇನು ತಿನ್ನುವ ಗುಲಗಂಜಿ ಹುಳದ ಮರಿಗಳೂ ಇದ್ದವು. ತೀರಾ ಹತ್ತಿದ್ದ ಮೂವತ್ತು ಗಿಡಗಳಿಗೆ ಮಾತ್ರ ಪೈಪಿನ ನೀರು ರಭಸವಾಗಿ ಬಿಟ್ಟು ತೊಳೆದರು. ಎರಡು ವಾರದಲ್ಲಿ ಹೇನು ತಾನಾಗಿ ಇಳಿಯಿತು.

ಪಕ್ಕದ ಹೊಲ

38ನೇ ದಿನ 0.8. ಗಡ್ಡೆ ಚೆನ್ನಾಗಿ ಕಟ್ಟುತ್ತಿತ್ತು. 43ನೇ ದಿನ ಇದ್ದಕ್ಕಿದ್ದಂತೆ 3.1. ನಾಲ್ಕೈದು ದಿನ ಮುಂಚೆಯೇ ಮೊಟ್ಟೆಯ ಮಳೆ ಸುರಿದಿರಬೇಕು. ಪಶ್ಚಿಮದ ಬದುವಿನಾಚೆ ನೋಡಿದೆವು. ಪಕ್ಕದವರು ಕೋಸು ಕಟಾವು ಮಾಡಿ, ಬುಡ ಮತ್ತು ಹೊರ ಎಲೆಗಳನ್ನು ಹಾಗೇ ಬಿಟ್ಟಿದ್ದರು. ಸಂಜೆ ಆ ಎಲೆಗಳನ್ನು ಕಾಲಿನಿಂದ ಅಲುಗಿಸಿದರೆ ಬೂದು ಪತಂಗಗಳು ಹಿಂಡಾಗಿ ಏಳುತ್ತಿದ್ದವು.

ಇಲ್ಲಿ ಕಾಯುವ ಮಾತಿರಲಿಲ್ಲ. ಗಡ್ಡೆ ಕಟ್ಟುವ ಹಂತ, ಮಿತಿಯ ಮೂರು ಪಟ್ಟು ಹುಳ, ಹೊಸದಾಗಿ ಬಂದ ಹುಳದಲ್ಲಿ ಕಣಜ ಇನ್ನೂ ಹೊಕ್ಕಿಲ್ಲ. 44ನೇ ದಿನ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ, ಲೇಬಲ್ಲಿನಂತೆ ಎಕರೆಗೆ 80 ಗ್ರಾಂ. ಯಜಮಾನರು ಅಳತೆಗೆ ಮುಚ್ಚಳದ ಬದಲು ತಕ್ಕಡಿ ಬಳಸಿದ್ದು ಅದೇ ಮೊದಲು. 49ನೇ ದಿನ ಎಣಿಕೆ 0.6. 56ನೇ ದಿನ ಮತ್ತೆ 1.4 ಆಯಿತು. ಆದರೆ ಅಷ್ಟರಲ್ಲಿ ಗಡ್ಡೆ ಬಿಗಿದಿತ್ತು, ಹುಳವೆಲ್ಲ ಮಂಡಿಯಲ್ಲಿ ಸುಲಿದು ಹಾಕುವ ಹೊರ ಎಲೆಯಲ್ಲಿತ್ತು. ಬರೆದಿಟ್ಟ ಮಿತಿ ದಾಟಿದ್ದರೂ ಹೊಡೆಯುವುದು ಬೇಡವೆಂದು ಮೂವರೂ ಕೂತು ತೀರ್ಮಾನಿಸಿದೆವು. ನಾಲ್ಕನೇ ಕಂತಿನ ಇಂಡಾಕ್ಸಾಕಾರ್ಬ್ ಬಳಕೆಯಾಗಲೇ ಇಲ್ಲ. 72ನೇ ದಿನಕ್ಕೆ ಕಟಾವು ಶುರುವಾಯಿತು.

ಇಡೀ ಹೊಲಕ್ಕೆ ಬಿದ್ದದ್ದು ನಾಲ್ಕು ಸಿಂಪಡಣೆ. ಖರ್ಚು, ಕೂಲಿ ಸೇರಿ, 7 ಸಾವಿರದೊಳಗೆ. ಹತ್ತರಲ್ಲಿ ಒಂದು ಗಡ್ಡೆ ತೂತಾಗಿತ್ತು. ಆ ವರ್ಷ ಕೋಸಿನ ಬೆಲೆ ನೆಲ ಕಚ್ಚಿತ್ತು, ಹಾಗಾಗಿ ಕೈಗೆ ಬಂದ ಹಣ ಹೆಚ್ಚಲ್ಲ. ಹಳೆಯ ರೀತಿಯಲ್ಲೇ ಬೆಳೆದಿದ್ದರೆ ಸಾಲ ಆಗುತ್ತಿತ್ತು ಎಂದು ಯಜಮಾನರು ಲೆಕ್ಕ ಹಾಕಿ ಹೇಳಿದರು.

ಯಾವುದು ಎಷ್ಟು ಕೆಲಸ ಮಾಡಿತು ಎಂದು ಬಿಡಿಸಿ ಹೇಳುವುದು ಈ ಒಂದು ಹೊಲದಿಂದ ಆಗದು. ಒಂಬತ್ತು ತಿಂಗಳು ಕೋಸು ಇಲ್ಲದಿದ್ದದ್ದು, ಔಷಧಿ ಸುರಿಯದ ಸಸಿ, ಸಾಸಿವೆ, ಕಣಜ, ಎಲ್ಲವೂ ಒಟ್ಟಿಗೆ ಬಂದವು. ನನ್ನ ಅಂದಾಜಿನಲ್ಲಿ ಬೆಳೆಯ ಬಿಡುವು ಮತ್ತು ಕಣಜ ದೊಡ್ಡವು, ಸಾಸಿವೆ ಚಿಕ್ಕದು. ಸಾಸಿವೆಗೆ ನೀರು ಸಾಲದ ಕಡೆ ಅದು ಕೋಸಿಗಿಂತ ಮೊದಲೇ ಒಣಗಿ ನಿಂತಿತ್ತು. ಮತ್ತೊಮ್ಮೆ ಮಾಡುವುದಾದರೆ ಮೊದಲ ದಿನವೇ ಡಬ್ಬಿ ಇಡುತ್ತೇನೆ, 17ನೇ ದಿನದ ಬೇವು ಬಿಡುತ್ತೇನೆ, ನಾಟಿಗೆ ಮುಂಚೆಯೇ ಬದುವಿನಾಚೆ ಏನಿದೆ, ಅದರ ಕಟಾವು ಯಾವಾಗ ಎಂದು ಕೇಳುತ್ತೇನೆ.

ಪಕ್ಕದವರ ಹತ್ತಿರ ಯಜಮಾನರೇ ಹೋಗಿ ಮಾತಾಡಿದರು. ಕಟಾವಾದ ವಾರದೊಳಗೆ ಬುಡ ಉಳುವುದೆಂದು ಎರಡು ಮನೆಯವರು ಒಪ್ಪಿದ್ದಾರೆ. ಮೂರನೆಯವರು ಹಸುವಿಗೆ ಎಲೆ ಬೇಕು, ಒಂದು ತಿಂಗಳು ಬಿಡುತ್ತೇವೆ ಎಂದಿದ್ದಾರೆ. ಅವರ ಕಷ್ಟವೂ ನಿಜ.

ಕಟಾವಿನ ಕೊನೆಯಲ್ಲಿ ಎಲೆ ಅದ್ದುವ ಪರೀಕ್ಷೆಯನ್ನು ಮತ್ತೆ ಮಾಡಿದೆವು, ಅದೇ ಔಷಧಿ, ಅದೇ ಪ್ರಮಾಣ, ಮೂವತ್ತು ಹುಳ. ನಾಲ್ಕನೇ ದಿನ 13 ಬದುಕಿದ್ದವು. ಹಿಂದಿನ ವರ್ಷ 22. ಇಳಿದಿದೆ, ಆದರೆ ಔಷಧಿ ಕೊಂಡು ಹೊಡೆಯುವಷ್ಟು ಇಳಿದಿಲ್ಲ. ಸುತ್ತಲಿನ ಹೊಲಗಳಲ್ಲಿ ಆ ಗುಂಪಿನ ಔಷಧಿ ಇನ್ನೂ ವಾರವಾರ ಬೀಳುತ್ತಿದೆ, ಪತಂಗ ಬದು ನೋಡಿ ಹಾರುವುದಿಲ್ಲ. ಮುಂದಿನ ಜನವರಿಯ ಪಟ್ಟಿಯಲ್ಲೂ 28ನೇ ಗುಂಪು ಇಲ್ಲ.